ನಲವತ್ತರ ಗಾಳಿ, ಮೂವತ್ತೊಂದರ ನೀರು

ಮೇ ತಿಂಗಳ ಮಧ್ಯಾಹ್ನ ರಾಯಚೂರಿನಲ್ಲಿ ನೆರಳಲ್ಲೇ 40 ಡಿಗ್ರಿ. ಉಷ್ಣ ವಿದ್ಯುತ್ ಸ್ಥಾವರದ ಕಂಡೆನ್ಸರಿನಿಂದ ಹೊರಬರುವ ನೀರೂ ಅಷ್ಟೇ, 40 ಡಿಗ್ರಿ. ಈ ನೀರನ್ನು ಇದೇ ಗಾಳಿಗೆ ಒಡ್ಡಿ ತಣಿಸಿ ಮತ್ತೆ ಕಂಡೆನ್ಸರಿಗೆ ಕಳಿಸಬೇಕು. ಶಾಖ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ, ಎರಡೂ ಸಮವಾಗಿದ್ದರೆ ಹರಿಯುವುದಿಲ್ಲ ಎಂದು ಶಾಲೆಯಲ್ಲಿ ಕಲಿತವರಿಗೆ ಇದು ಆಗದ ಕೆಲಸ ಅನ್ನಿಸಬೇಕು. ಆದರೆ ಕೂಲಿಂಗ್ ಟವರಿನ ಬುಡದ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ ಅಲ್ಲಿನ ನೀರು 31 ಡಿಗ್ರಿ. ಸುತ್ತಲಿನ ಗಾಳಿಗಿಂತ ಒಂಬತ್ತು ಡಿಗ್ರಿ ತಂಪು. ನಡುವೆ ಯಾವ ಶೀತಲ ಯಂತ್ರವೂ ಇಲ್ಲ. ನೀರನ್ನು ಮೇಲಿಂದ ಸುರಿದಿದ್ದಾರೆ, ಗಾಳಿಯನ್ನು ಕೆಳಗಿನಿಂದ ಎಳೆದಿದ್ದಾರೆ, ಅಷ್ಟೆ.

ಇನ್ನೂ ವಿಚಿತ್ರ ಸಂಗತಿಯೊಂದಿದೆ. ಇದೇ ಟವರನ್ನು ಮಂಗಳೂರಿನ ಕಡಲತೀರಕ್ಕೆ ಒಯ್ದು ನಿಲ್ಲಿಸಿ, ಅಲ್ಲಿ ಗಾಳಿ 32 ಡಿಗ್ರಿ ಇರುವ ದಿನ ನಡೆಸಿದರೆ ನೀರು ಇನ್ನಷ್ಟು ತಣ್ಣಗಾಗುವುದಿಲ್ಲ. ರಾಯಚೂರಿಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿಯೇ ಉಳಿಯುತ್ತದೆ. ಎಂಟು ಡಿಗ್ರಿ ತಂಪಾದ ಗಾಳಿ ಸಿಕ್ಕಿಯೂ ಹೀಗಾಗುತ್ತದೆ. ಅಂದರೆ ಟವರಿನ ಪಾಲಿಗೆ ನಾವು ಪತ್ರಿಕೆಯಲ್ಲಿ ಓದುವ ತಾಪಮಾನ ಮುಖ್ಯವಲ್ಲ. ಅದು ಲೆಕ್ಕಕ್ಕೆ ಹಿಡಿಯುವ ತಾಪಮಾನವೇ ಬೇರೆ.

ಆ ತಾಪಮಾನವನ್ನು ಅಳೆಯಲು ಬೇಕಾದದ್ದು ಎರಡು ಥರ್ಮಾಮೀಟರು ಮತ್ತು ಒಂದು ತುಂಡು ಹತ್ತಿಬಟ್ಟೆ. ಒಂದು ಥರ್ಮಾಮೀಟರಿನ ಬಲ್ಬು ಹಾಗೇ ಇರಲಿ. ಅದು ತೋರಿಸುವುದು ಡ್ರೈ ಬಲ್ಬ್ ತಾಪಮಾನ, ಅಂದರೆ ನಮ್ಮ ಮಾಮೂಲಿ ತಾಪಮಾನ. ಇನ್ನೊಂದರ ಬಲ್ಬಿಗೆ ನೀರಲ್ಲಿ ನೆನೆಸಿದ ಬಟ್ಟೆಯನ್ನು ಸುತ್ತಿ ಅದರ ಮೇಲೆ ಜೋರಾಗಿ ಗಾಳಿ ಹಾಯಿಸಬೇಕು. ಬಟ್ಟೆಯ ನೀರು ಆವಿಯಾಗತೊಡಗುತ್ತದೆ. ದ್ರವ ಆವಿಯಾಗಲು ಶಾಖ ಬೇಕು, ಆ ಶಾಖ ಮೊದಲು ಬರುವುದು ಬಟ್ಟೆಯಿಂದಲೇ, ಹಾಗಾಗಿ ಬಲ್ಬು ತಣ್ಣಗಾಗುತ್ತದೆ. ಅದು ಗಾಳಿಗಿಂತ ತಂಪಾದ ಕ್ಷಣದಿಂದ ಗಾಳಿಯಿಂದಲೂ ಶಾಖ ಒಳಗೆ ಹರಿಯಲು ಶುರುವಾಗುತ್ತದೆ. ಬಲ್ಬು ತಣಿದಷ್ಟೂ ಈ ಒಳಹರಿವು ಹೆಚ್ಚುತ್ತದೆ, ಇತ್ತ ಆವಿಯಾಗುವ ವೇಗ ಕಡಿಮೆಯಾಗುತ್ತದೆ. ಒಂದು ಹಂತದಲ್ಲಿ ಬರುವ ಶಾಖವೂ ಹೋಗುವ ಶಾಖವೂ ಸರಿಸಮವಾಗಿ ಪಾದರಸ ನಿಂತುಬಿಡುತ್ತದೆ. ಆ ನಿಂತ ಜಾಗವೇ ವೆಟ್ ಬಲ್ಬ್ ತಾಪಮಾನ.

ನಮ್ಮ ರಾಯಚೂರಿನ ಮಧ್ಯಾಹ್ನ ಸಾಪೇಕ್ಷ ಆರ್ದ್ರತೆ ಶೇಕಡಾ 30ರ ಹತ್ತಿರ ಇದೆ ಎಂದುಕೊಳ್ಳೋಣ. ಆಗ ಒಣ ಬಲ್ಬು 40 ತೋರಿಸಿದರೆ ಒದ್ದೆ ಬಲ್ಬು 25ರಲ್ಲಿ ನಿಲ್ಲುತ್ತದೆ. ಮಂಗಳೂರಿನ 32 ಡಿಗ್ರಿಯ ಗಾಳಿಯಲ್ಲಿ ಆರ್ದ್ರತೆ ಶೇಕಡಾ 75 ಇದ್ದರೆ ಒದ್ದೆ ಬಲ್ಬು 28ರಿಂದ ಕೆಳಗಿಳಿಯುವುದಿಲ್ಲ. ಟವರಿನ ಒಗಟು ಇಲ್ಲೇ ಬಿಡಿಸಿಕೊಂಡಿತು. ನೀರಿನ ದೃಷ್ಟಿಯಲ್ಲಿ ರಾಯಚೂರಿನ ಉರಿಬಿಸಿಲೇ ಮಂಗಳೂರಿಗಿಂತ ತಂಪು. ಬಯಲುಸೀಮೆಯ ಮನೆಗಳಲ್ಲಿ ಮಣ್ಣಿನ ಗಡಿಗೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದು, ಕರಾವಳಿಯಲ್ಲಿ ಅದೇ ಗಡಿಗೆ ಸಪ್ಪೆಯಾಗುವುದೂ ಇದೇ ಕಾರಣಕ್ಕೆ.

ಈಗ ಟವರಿನ ಒಳಗೆ ಹೋಗೋಣ. ರಾಯಚೂರಿನ ಶಕ್ತಿನಗರದಲ್ಲಿ ಕೃಷ್ಣೆಯ ದಂಡೆಯ ಮೇಲಿರುವ ಸ್ಥಾವರದಲ್ಲಿ 210 ಮೆಗಾವಾಟಿನ ಏಳು ಘಟಕಗಳು, 250ರ ಒಂದು ಘಟಕ ಇವೆ. ಅಷ್ಟೇ ಗಾತ್ರದ ಒಂದು ಘಟಕವನ್ನು, ಅಂದರೆ 210 ಮೆಗಾವಾಟಿನದನ್ನು, ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಮುಂದೆ ಬರುವ ಅಂಕಿಗಳು ಅಲ್ಲಿಯ ಮೀಟರಿನಿಂದ ತೆಗೆದವಲ್ಲ. ಈ ಗಾತ್ರದ ಘಟಕಕ್ಕೆ ಸಹಜವಾದ ಅಳತೆಗಳಿಂದ ನಾನು ಹಾಕಿದ ಲೆಕ್ಕ. ಗಾಳಿಯ ಒತ್ತಡವನ್ನೂ ಸರಳತೆಗಾಗಿ ಸಮುದ್ರಮಟ್ಟದ್ದೆಂದೇ ಹಿಡಿದಿದ್ದೇನೆ.

ಟರ್ಬೈನಿನಲ್ಲಿ ಕೆಲಸ ಮುಗಿಸಿದ ಹಬೆ ಕಂಡೆನ್ಸರಿನಲ್ಲಿ ಮತ್ತೆ ನೀರಾಗಬೇಕಾದರೆ ತನ್ನ ಶಾಖವನ್ನು ಬಿಟ್ಟುಕೊಡಬೇಕು. ವಿದ್ಯುತ್ತಾಗಿ ಹೊರಹೋಗುವುದು 210 ಮೆಗಾವಾಟ್ ಆದರೆ, ಹೀಗೆ ಬಿಸಾಡಬೇಕಾದ ಶಾಖ ಅದಕ್ಕಿಂತ ಹೆಚ್ಚು, ಸುಮಾರು 282 ಮೆಗಾವಾಟ್. ಅದನ್ನು ಹೊತ್ತು ತರಲು ಸೆಕೆಂಡಿಗೆ ಏಳೂವರೆ ಟನ್ ನೀರು ಕಂಡೆನ್ಸರಿನ ಕೊಳವೆಗಳಲ್ಲಿ ಸುತ್ತುತ್ತಿರುತ್ತದೆ. 31 ಡಿಗ್ರಿಯಲ್ಲಿ ಒಳಹೋಗಿ 40ಕ್ಕೆ ಹೊರಬರುತ್ತದೆ. ಬೇಕಾದರೆ ತಾಳೆ ನೋಡಿ: 7,500 ಕಿಲೋಗ್ರಾಂ, ಪ್ರತಿ ಕಿಲೋಗೆ ಪ್ರತಿ ಡಿಗ್ರಿಗೆ 4.18 ಕಿಲೋಜೂಲ್, 9 ಡಿಗ್ರಿ. ಗುಣಿಸಿದರೆ 282 ಮೆಗಾವಾಟ್.

ಆ ಬಿಸಿನೀರು ಟವರಿನ ಮೇಲ್ಭಾಗಕ್ಕೆ ಹೋಗಿ ನಾಝಲ್‌ಗಳಿಂದ ಚಿಮ್ಮಿ ಫಿಲ್ ಮೇಲೆ ಬೀಳುತ್ತದೆ. ಫಿಲ್ ಎಂದರೆ ಒತ್ತೊತ್ತಾಗಿ ಜೋಡಿಸಿದ ಪ್ಲಾಸ್ಟಿಕ್ ಹಾಳೆಗಳು ಅಥವಾ ಅಡ್ಡಪಟ್ಟಿಗಳು. ನೀರು ತೆಳುಪೊರೆಯಾಗಿಯೋ ಹನಿಯಾಗಿಯೋ ಹರಡಿ ಗಾಳಿಗೆ ಹೆಚ್ಚು ಮೈಯೊಡ್ಡಲಿ ಎಂಬುದಷ್ಟೇ ಅದರ ಕೆಲಸ. ಕೆಳಗಿನಿಂದ ಗಾಳಿ ಏರಿ ಬರುತ್ತದೆ. ಏರುವ ಗಾಳಿಗೆ ಕೊನೆಯಲ್ಲಿ ಎದುರಾಗುವುದು ಹೊಚ್ಚಹೊಸ ಬಿಸಿನೀರು, ಇಳಿಯುವ ನೀರಿಗೆ ಕೊನೆಯಲ್ಲಿ ಎದುರಾಗುವುದು ಈಗಷ್ಟೇ ಒಳಬಂದ ಒಣಗಾಳಿ.

ಕೆಳಗಿನ ಈ ಭೇಟಿಯ ಜಾಗದಲ್ಲಿ ಸ್ವಲ್ಪ ನಿಲ್ಲಬೇಕು. ನೀರು 31 ಡಿಗ್ರಿ, ಗಾಳಿ 40. ಇಲ್ಲಿ ಗಾಳಿಯೇ ನೀರನ್ನು ಬಿಸಿ ಮಾಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಆದರೂ ನೀರು ತಣಿಯುತ್ತಲೇ ಇದೆ, ಏಕೆಂದರೆ ಆವಿಯ ಹರಿವನ್ನು ತೀರ್ಮಾನಿಸುವುದು ತಾಪಮಾನಗಳ ವ್ಯತ್ಯಾಸವಲ್ಲ, ಆವಿಯ ಒತ್ತಡಗಳ ವ್ಯತ್ಯಾಸ. 31 ಡಿಗ್ರಿಯ ನೀರಿನ ಮೈಗೆ ಅಂಟಿಕೊಂಡ ತೆಳುಪದರದಲ್ಲಿ ಆವಿಯ ಒತ್ತಡ 4.5 ಕಿಲೋಪ್ಯಾಸ್ಕಲ್. ಒಳಬಂದ ಗಾಳಿಯಲ್ಲಿರುವ ಆವಿಯ ಒತ್ತಡ 2.2 ಮಾತ್ರ. ಆವಿ ನೀರಿನಿಂದ ಗಾಳಿಗೆ ನುಗ್ಗುತ್ತದೆ, ಹೋಗುವಾಗ ಪ್ರತಿ ಕಿಲೋಗ್ರಾಮಿಗೆ ಸುಮಾರು 2,430 ಕಿಲೋಜೂಲ್ ಗುಪ್ತೋಷ್ಣವನ್ನು ಹೊತ್ತೊಯ್ಯುತ್ತದೆ. ಗಾಳಿ ಕೊಡುವುದು ಚಿಲ್ಲರೆ, ಆವಿ ಒಯ್ಯುವುದು ನೋಟಿನ ಕಟ್ಟು. ನೀರು 25 ಡಿಗ್ರಿಗೆ ಇಳಿದರೆ ಮಾತ್ರ ಇವೆರಡೂ ಸರಿಹೋಗುತ್ತವೆ. ಹಾಗಾಗಿಯೇ ಎಷ್ಟೇ ದೊಡ್ಡ ಟವರು ಕಟ್ಟಿದರೂ ಒಳಬರುವ ಗಾಳಿಯ ವೆಟ್ ಬಲ್ಬ್‌ಗಿಂತ ಕೆಳಗೆ ನೀರನ್ನು ಇಳಿಸಲಾಗದು.

ಈಗ ಇಡೀ ಟವರಿನ ಜಮಾಖರ್ಚು. ಒಳಬರುವ ಗಾಳಿಯಲ್ಲಿ ಪ್ರತಿ ಕಿಲೋ ಒಣಗಾಳಿಯ ಜೊತೆ 13.5 ಗ್ರಾಂ ನೀರಾವಿ ಇದೆ. ಮೇಲಿಂದ ಹೊರಬೀಳುವಾಗ ಆ ಗಾಳಿ 35 ಡಿಗ್ರಿಗೆ ಇಳಿದು ಪೂರ್ತಿ ಸಂತೃಪ್ತವಾಗಿರುತ್ತದೆ ಎಂದು ಹಿಡಿಯೋಣ; ಆಗ ಅದರಲ್ಲಿ 36.5 ಗ್ರಾಂ ಆವಿ. ಅಂದರೆ ಪ್ರತಿ ಕಿಲೋ ಗಾಳಿ 23 ಗ್ರಾಂ ನೀರನ್ನು ಎತ್ತಿಕೊಂಡು ಹೋಯಿತು. ಆ 23 ಗ್ರಾಮಿನ ಗುಪ್ತೋಷ್ಣ 56 ಕಿಲೋಜೂಲ್. ಆದರೆ ಗಾಳಿ ತಾನೇ 40ರಿಂದ 35ಕ್ಕೆ ತಣಿದು 5 ಕಿಲೋಜೂಲನ್ನು ನೀರಿಗೆ ವಾಪಸು ಕೊಟ್ಟಿದೆ. ನಿವ್ವಳ ಒಯ್ದದ್ದು 51. ಬಿಸಾಡಬೇಕಾದ 282 ಮೆಗಾವಾಟನ್ನು ಇದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 5,530 ಕಿಲೋಗ್ರಾಂ ಗಾಳಿ ಬೇಕು. ಗಾತ್ರದಲ್ಲಿ ಹೇಳುವುದಾದರೆ ಸೆಕೆಂಡಿಗೆ ಐದು ಸಾವಿರ ಘನ ಮೀಟರಿನ ಹತ್ತಿರ. ಸಾಲಾಗಿ ನಿಂತ ಹತ್ತು ಕೋಶಗಳು, ಪ್ರತಿಯೊಂದರ ನೆತ್ತಿಯ ಮೇಲೂ ಎಂಟು-ಹತ್ತು ಮೀಟರ್ ಅಡ್ಡಳತೆಯ ಫ್ಯಾನು ಇದ್ದರೆ ಇಷ್ಟು ಗಾಳಿ ಎಳೆಯಬಹುದು.

ಒಂದೇ ಸಾಲಿನಲ್ಲಿ ಬರೆದರೆ ಸಮತೋಲ ಇಷ್ಟು:

```
L·c·(t1 − t2) + G·ca·(T1 − T2) = E·λ
   282 MW     +     28 MW      = 310 MW
```

ಮೊದಲ ಪದ ನೀರು ಕಳೆದುಕೊಂಡ ಶಾಖ, ಎರಡನೆಯದು ಗಾಳಿ ಕಳೆದುಕೊಂಡದ್ದು. ಇವೆರಡನ್ನೂ ಆವಿಯೊಂದೇ ಹೊತ್ತೊಯ್ಯಬೇಕು. ಆವಿಯಾದ ನೀರು, ಅಂದರೆ E, ಸೆಕೆಂಡಿಗೆ ಸುಮಾರು 127.5 ಕಿಲೋ. ಗಂಟೆಗೆ 459 ಟನ್. ಸುತ್ತುವ ನೀರಿನಲ್ಲಿ ಇದು ಶೇಕಡಾ 1.7 ಮಾತ್ರ. ಉಳಿದ ಶೇಕಡಾ 98.3 ನೀರು ಒಂಬತ್ತು ಡಿಗ್ರಿ ತಣಿಯಲೆಂದು ಇಷ್ಟು ನೀರು ಹಾರಿಹೋಗುತ್ತದೆ.

ಎರಡನೆಯ ಪದವನ್ನು ಮರೆಯುವವರು ಬಹಳ. 282 ಮೆಗಾವಾಟನ್ನು ನೇರವಾಗಿ ಗುಪ್ತೋಷ್ಣದಿಂದ ಭಾಗಿಸಿದರೆ ಬರುವುದು ಸೆಕೆಂಡಿಗೆ 116 ಕಿಲೋ. ನಿಜವಾದ ಖರ್ಚು ಅದಕ್ಕಿಂತ ಹನ್ನೊಂದು ಕಿಲೋಗೂ ಹೆಚ್ಚು, ಏಕೆಂದರೆ ಬಿಸಿಗಾಳಿಯನ್ನು ತಣಿಸುವ ಕೆಲಸವನ್ನೂ ಟವರು ಬೇಡದೆಯೇ ಮಾಡಿಕೊಂಡಿದೆ. ಚಳಿಗಾಲದ ಬೆಳಿಗ್ಗೆ ಗಾಳಿ 18 ಡಿಗ್ರಿ ಇದ್ದಾಗ ಈ ಪದದ ಚಿಹ್ನೆ ತಿರುವುಮುರುವಾಗುತ್ತದೆ. ಆಗ ಗಾಳಿಯೂ ನೀರಿನಿಂದ ಬಿಸಿಯಾಗಿ ತನ್ನ ಪಾಲಿನ ಶಾಖ ಹೊರುತ್ತದೆ, ಆವಿಯಾಗುವ ನೀರು 116ಕ್ಕಿಂತ ಕಡಿಮೆಯಾಗುತ್ತದೆ. ತಮಾಷೆಯೆಂದರೆ ಟವರಿನ ಮೇಲೆ ಬಿಳಿಮೋಡ ದಟ್ಟವಾಗಿ ಕಾಣುವುದು ಆ ಬೆಳಿಗ್ಗೆಯೇ. ಹೊರಬಂದ ಒದ್ದೆಗಾಳಿ ತಂಪುಗಾಳಿಯಲ್ಲಿ ಬೆರೆತು ಮಂಜಾಗುತ್ತದೆ. ಮೇ ತಿಂಗಳಲ್ಲಿ ಹೆಚ್ಚು ನೀರು ಹೋಗುತ್ತಿದ್ದರೂ ಕಣ್ಣಿಗೆ ಏನೂ ಬೀಳುವುದಿಲ್ಲ. ಆ ಬಿಳಿಮೋಡದ ಚಿತ್ರ ಹಾಕಿ ಕೆಳಗೆ 'ಹೊಗೆ ಮಾಲಿನ್ಯ' ಎಂದು ಬರೆಯುವ ಚಾಳಿ ಪತ್ರಿಕೆಗಳಿಗೆ ಇನ್ನೂ ಹೋಗಿಲ್ಲ.

ಮೇಲಿನ ಲೆಕ್ಕದಲ್ಲಿ ನಾನು ಫ್ಯಾನಿನ ಟವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೂಲಿಂಗ್ ಟವರ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಸೊಂಟ ಸಣ್ಣಗಾದ, ಬೃಹತ್ ಕಾಂಕ್ರೀಟ್ ಗೋಪುರ. ಅದಕ್ಕೆ 1918ರಲ್ಲಿ ಪೇಟೆಂಟ್ ಪಡೆದವರು ನೆದರ್ಲೆಂಡ್ಸಿನ ಎಂಜಿನಿಯರುಗಳಾದ ಫ್ರೆಡರಿಕ್ ವಾನ್ ಇಟರ್ಸನ್ ಮತ್ತು ಗೆರಾರ್ಡ್ ಕೈಪರ್ಸ್. ಅಂಥ ಮೊದಲ ಗೋಪುರ ಎದ್ದದ್ದು ಹೀರ್ಲೆನ್ ಬಳಿಯ ಎಮ್ಮಾ ಕಲ್ಲಿದ್ದಲು ಗಣಿಯಲ್ಲಿ. ಅದರಲ್ಲಿ ಫ್ಯಾನು ಇಲ್ಲ. ಒಳಗಿನ ಬಿಸಿ ಒದ್ದೆಗಾಳಿ ಹೊರಗಿನ ಗಾಳಿಗಿಂತ ಹಗುರ, ಆದ್ದರಿಂದ ತಾನೇ ಮೇಲೇರುತ್ತದೆ, ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಹೊರಗೆ 10 ಡಿಗ್ರಿ ಇರುವ ಡಚ್ ಹವೆಯಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ 1.24 ಕಿಲೋ; ಟವರಿನೊಳಗಿನ 27 ಡಿಗ್ರಿಯ ಸಂತೃಪ್ತ ಗಾಳಿಯದು 1.16. ನೂರು ಮೀಟರ್ ಎತ್ತರದ ಗೋಪುರಕ್ಕೆ ಈ ವ್ಯತ್ಯಾಸ ಧಾರಾಳವಾಯಿತು.

ನಮ್ಮ ಮೇ ತಿಂಗಳ ಲೆಕ್ಕಕ್ಕೆ ಬನ್ನಿ. ಹೊರಗಿನ 40 ಡಿಗ್ರಿಯ ಒಣಗಾಳಿಯ ಸಾಂದ್ರತೆ 1.118. ಒಳಗಿನ 35 ಡಿಗ್ರಿಯ ಒದ್ದೆಗಾಳಿಯದು 1.122. ಒಳಗಿನದೇ ಭಾರ! ನೀರಾವಿ ಗಾಳಿಗಿಂತ ಹಗುರವೇನೋ ಹೌದು, ಆದರೆ ಐದು ಡಿಗ್ರಿ ತಣಿದದ್ದರಿಂದ ಆದ ಭಾರವನ್ನು ಅದರ ಕೈಲಿ ಪೂರ್ತಿ ತೂಗಿಸಲಾಗಿಲ್ಲ. ಫ್ಯಾನಿಲ್ಲದ ಗೋಪುರದಲ್ಲಿ ಈ ಸ್ಥಿತಿಯಲ್ಲಿ ಗಾಳಿ ಏರುವುದೇ ಇಲ್ಲ. ಹಾಗೆಂದು ಸ್ಥಾವರ ನಿಂತುಹೋಗುವುದಿಲ್ಲ. ಗಾಳಿ ಕುಗ್ಗಿದ ಕೂಡಲೇ ನೀರು ಬಿಸಿಯಾಗುತ್ತಾ ಹೋಗುತ್ತದೆ, ಅದರ ಜೊತೆ ಒಳಗಿನ ಗಾಳಿಯೂ ಬಿಸಿಯಾಗುತ್ತದೆ. ಹೊರಬೀಳುವ ಗಾಳಿ 40 ಡಿಗ್ರಿ ಮುಟ್ಟಿದಾಗ ಸಾಂದ್ರತೆ 1.096ಕ್ಕೆ ಇಳಿದು ಮತ್ತೆ ಸೆಳೆತ ಹುಟ್ಟುತ್ತದೆ. ಟವರು ಹೊಸ ಸಮತೋಲ ಕಂಡುಕೊಳ್ಳುತ್ತದೆ, ಆದರೆ ಕೆಲವು ಡಿಗ್ರಿ ಮೇಲೆ. ಬಿಸಿ ಒಣಹವೆ ವೆಟ್ ಬಲ್ಬ್ ದೃಷ್ಟಿಯಿಂದ ವರವಾದರೂ ಈ ಗೋಪುರಗಳ ಸೆಳೆತಕ್ಕೆ ಶಾಪ. ಡ್ರೈ ಬಲ್ಬ್ ಲೆಕ್ಕಕ್ಕಿಲ್ಲ ಎಂದು ಆರಂಭದಲ್ಲಿ ಸೂಚಿಸಿದೆನಲ್ಲ, ಫ್ಯಾನಿಲ್ಲದ ಗೋಪುರಕ್ಕೆ ಆ ಮಾತು ನಿಲ್ಲುವುದಿಲ್ಲ.

ಟವರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಸ್ಥಾವರದವರು ಎರಡು ಅಂಕಿ ನೋಡುತ್ತಾರೆ. ಬಿಸಿನೀರಿಗೂ ತಣ್ಣೀರಿಗೂ ಇರುವ ಅಂತರ ರೇಂಜ್. ನಮ್ಮ ಲೆಕ್ಕದಲ್ಲಿ 9. ತಣ್ಣೀರಿಗೂ ವೆಟ್ ಬಲ್ಬ್‌ಗೂ ಇರುವ ಅಂತರ ಅಪ್ರೋಚ್, ನಮ್ಮಲ್ಲಿ 6. ಹೊಸಬರು ರೇಂಜ್ ನೋಡಿ ಟವರಿಗೆ ಶಹಬಾಸ್ ಹೇಳುತ್ತಾರೆ. ಆದರೆ ರೇಂಜಿನಲ್ಲಿ ಟವರಿನ ಹೆಚ್ಚುಗಾರಿಕೆ ಏನೂ ಇಲ್ಲ. ಕಂಡೆನ್ಸರು 282 ಮೆಗಾವಾಟ್ ತುಂಬಿ ಕಳಿಸಿದರೆ, ನೀರಿನ ಹರಿವು ಬದಲಾಗದಿದ್ದರೆ, ಹರಿದುಹೋದ ಹಳೇ ಟವರಿನಲ್ಲೂ ಕೊನೆಗೆ ರೇಂಜ್ 9ಕ್ಕೇ ನಿಲ್ಲುತ್ತದೆ. ಬಂದ ಶಾಖ ಹೋಗಲೇಬೇಕಲ್ಲ. ಎರಡೂ ತಾಪಮಾನಗಳು ಒಟ್ಟಿಗೆ ಮೇಲೇರಿ, 40-31ರ ಬದಲು 44-35 ಆಗಿರುತ್ತದೆ ಅಷ್ಟೆ. ರೋಗ ಕಾಣುವುದು ಅಪ್ರೋಚಿನಲ್ಲಿ: 6 ಇದ್ದದ್ದು 10 ಆಗಿರುತ್ತದೆ. ನಾಝಲ್ ಕಟ್ಟಿಕೊಂಡು ನೀರು ಒಂದೇ ಕಡೆ ಸುರಿಯುತ್ತಿರಬಹುದು, ಫಿಲ್‌ನಲ್ಲಿ ಸುಣ್ಣದ ಹೊಪ್ಪಳಿಕೆಯೋ ಪಾಚಿಯೋ ತುಂಬಿರಬಹುದು, ಫ್ಯಾನಿನ ರೆಕ್ಕೆಯ ಕೋನ ತಪ್ಪಿರಬಹುದು.

ಅಪ್ರೋಚ್ ಸೊನ್ನೆಯಾಗಿಸಲು ಆಗದು. ನೀರು ವೆಟ್ ಬಲ್ಬಿನ ಹತ್ತಿರ ಬಂದಂತೆ ಅದನ್ನು ತಣಿಸುವ ಒತ್ತಡವೇ ಕರಗುತ್ತಾ ಹೋಗುತ್ತದೆ. 1925ರಲ್ಲಿ ಜರ್ಮನಿಯ ಫ್ರೀಡ್ರಿಶ್ ಮೆರ್ಕೆಲ್ ಈ ಒತ್ತಡಕ್ಕೆ ಅಳತೆ ಕೊಟ್ಟ: ನೀರಿನ ತಾಪಮಾನದಲ್ಲಿ ಸಂತೃಪ್ತವಾದ ಗಾಳಿಯ ಒಟ್ಟು ಶಾಖಕ್ಕೂ ಆ ಜಾಗದಲ್ಲಿ ಹರಿಯುವ ಗಾಳಿಯ ಒಟ್ಟು ಶಾಖಕ್ಕೂ ಇರುವ ವ್ಯತ್ಯಾಸ. ಟವರು ವಿನ್ಯಾಸ ಮಾಡುವವರು ಇಂದಿಗೂ ಅಲ್ಲಿಂದಲೇ ಶುರುಮಾಡುತ್ತಾರೆ. ಅಪ್ರೋಚ್ ಮೂರು ಡಿಗ್ರಿಗಿಂತ ಕಡಿಮೆ ಕೇಳಿದರೆ ಟವರಿನ ಗಾತ್ರ ವಿಪರೀತ ಬೆಳೆಯುವುದರಿಂದ ತಯಾರಕರು ಸಾಮಾನ್ಯವಾಗಿ ಖಾತರಿ ಕೊಡುವುದಿಲ್ಲ.

ಅಪ್ರೋಚ್ ನಂಬಬೇಕಾದರೆ ಮೊದಲು ವೆಟ್ ಬಲ್ಬ್ ಅಳತೆ ನಂಬುವಂತಿರಬೇಕು. ಈ ಅಳತೆಯ ತಪ್ಪುಗಳಿಗೆ ಒಂದು ಕೆಟ್ಟ ಗುಣವಿದೆ. ಹೆಚ್ಚುಕಡಿಮೆ ಎಲ್ಲವೂ ಒಂದೇ ದಿಕ್ಕಿಗೆ ವಾಲುತ್ತವೆ. ಬಟ್ಟೆ ಅರ್ಧ ಒಣಗಿದ್ದರೆ, ಕೊಳೆ ಅಥವಾ ಉಪ್ಪು ಹತ್ತಿದ್ದರೆ, ಬಲ್ಬಿನ ಮೇಲೆ ಹಾಯುವ ಗಾಳಿ ಸೆಕೆಂಡಿಗೆ ಮೂರು ಮೀಟರಿಗಿಂತ ನಿಧಾನವಿದ್ದರೆ, ಬಿಸಿಲು ಬಿದ್ದಿದ್ದರೆ, ಎಲ್ಲದರಲ್ಲೂ ಥರ್ಮಾಮೀಟರ್ ನಿಜಕ್ಕಿಂತ ಹೆಚ್ಚೇ ತೋರಿಸುತ್ತದೆ. ವೆಟ್ ಬಲ್ಬ್ 25ರ ಬದಲು 28 ಎಂದು ಬರೆದುಕೊಂಡರೆ ಅಪ್ರೋಚ್ 10 ಇದ್ದದ್ದು 7 ಆಗಿ ಕಾಣುತ್ತದೆ. ಕೆಟ್ಟ ಟವರು ಪುಸ್ತಕದಲ್ಲಿ ವಾಸಿಯಾಗಿಬಿಡುತ್ತದೆ. ಶುದ್ಧ ಬಟ್ಟೆ, ಭಟ್ಟಿ ಇಳಿಸಿದ ನೀರು, ಗಾಳಿಯಲ್ಲಿ ಗಿರಗಿರನೆ ತಿರುಗಿಸುವ ಹಳೇ ಕಾಲದ ಸೈಕ್ರೋಮೀಟರ್, ಇಷ್ಟಿದ್ದರೆ ಸಾಕು. ಅಳೆಯುವುದಾದರೆ ಎರಡು ಕಡೆ ಅಳೆಯಿರಿ: ಟವರಿಗೆ ಗಾಳಿ ನುಗ್ಗುವ ಕಿಂಡಿಯ ಬಳಿ ಒಮ್ಮೆ, ಗಾಳಿ ಬರುವ ದಿಕ್ಕಿನಲ್ಲಿ ದೂರ ಹೋಗಿ ಬಯಲಲ್ಲಿ ಇನ್ನೊಮ್ಮೆ. ಕಿಂಡಿಯ ಬಳಿ ಒಂದೆರಡು ಡಿಗ್ರಿ ಹೆಚ್ಚಿದ್ದರೆ ಟವರು ತಾನು ಉಗುಳಿದ ಒದ್ದೆಗಾಳಿಯನ್ನೇ ಮತ್ತೆ ಒಳಗೆಳೆದುಕೊಳ್ಳುತ್ತಿದೆ ಎಂದರ್ಥ. ಆಗ ಫಿಲ್ ತೊಳೆದರೂ ನಾಝಲ್ ಬದಲಿಸಿದರೂ ಪ್ರಯೋಜನವಿಲ್ಲ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದು ಹಬೆಯ ಸಲುವಾಗಿ. ಕಂಡೆನ್ಸರಿನಲ್ಲಿ ಹಬೆಯ ತಾಪಮಾನ ಹೊರಬರುವ ನೀರಿಗಿಂತ ನಾಲ್ಕು ಡಿಗ್ರಿ ಮೇಲಿರುತ್ತದೆ ಎಂದುಕೊಂಡರೆ, 40ರ ನೀರಿಗೆ 44ರ ಹಬೆ. ಅದರ ಒತ್ತಡ 9.1 ಕಿಲೋಪ್ಯಾಸ್ಕಲ್. ಟವರು ನಾಲ್ಕು ಡಿಗ್ರಿ ಹಿಂದೆ ಬಿದ್ದರೆ ಹಬೆ 48ಕ್ಕೇರಿ ಒತ್ತಡ 11.2 ಆಗುತ್ತದೆ. ಟರ್ಬೈನಿನ ಬಾಲದಲ್ಲಿ ಒತ್ತಡ ಹೆಚ್ಚಿದಷ್ಟೂ ಹಬೆ ಹಿಗ್ಗಿ ಕೆಲಸ ಮಾಡಲು ಜಾಗ ಕಡಿಮೆ, ಅದೇ ಕಲ್ಲಿದ್ದಲಿಗೆ ಹುಟ್ಟುವ ವಿದ್ಯುತ್ತು ಕಡಿಮೆ.

ಇನ್ನು ನೀರಿನ ಲೆಕ್ಕ. ಆವಿಯಾಗಿ ಹೋಗುವುದು ಶುದ್ಧ ನೀರು. ನದಿಯಿಂದ ಬಂದ ಉಪ್ಪೆಲ್ಲ ತೊಟ್ಟಿಯಲ್ಲೇ ಉಳಿದು ದಟ್ಟವಾಗುತ್ತದೆ. ಅದು ಐದು ಪಟ್ಟಿಗಿಂತ ಹೆಚ್ಚು ದಟ್ಟವಾಗಬಾರದು ಎಂದು ನಿಗದಿ ಮಾಡಿದರೆ ಆವಿಯಾದದ್ದರ ಕಾಲುಭಾಗದಷ್ಟು, ಅಂದರೆ ಗಂಟೆಗೆ 115 ಟನ್ ನೀರನ್ನು ಹೊರಚೆಲ್ಲಬೇಕು. ಇದಕ್ಕೆ ಬ್ಲೋಡೌನ್ ಎನ್ನುತ್ತಾರೆ. ಗಾಳಿಯೊಡನೆ ಹನಿಯಾಗಿ ಹಾರುವ ನೀರನ್ನು ಮೇಲಿನ ತಡೆಪಟ್ಟಿಗಳು ಹಿಡಿದುಬಿಡುವುದರಿಂದ ಅದು ಲೆಕ್ಕಕ್ಕೆ ಬರುವಷ್ಟಿಲ್ಲ. ಎರಡೂ ಸೇರಿ ನದಿಯಿಂದ ತುಂಬಿಕೊಳ್ಳಬೇಕಾದದ್ದು ಗಂಟೆಗೆ 574 ಟನ್. 210 ಮೆಗಾವಾಟಿಗೆ ಹಂಚಿದರೆ ಒಂದು ಯೂನಿಟ್ ವಿದ್ಯುತ್ತಿಗೆ 2.7 ಲೀಟರ್, ಅದರಲ್ಲಿ 2.2 ಲೀಟರ್ ಆಕಾಶಕ್ಕೆ. ಕೇಂದ್ರ ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಹಳೆಯ ಸ್ಥಾವರಗಳಿಗೆ ಹಾಕಿದ ಮಿತಿ ಯೂನಿಟ್ಟಿಗೆ 3.5 ಲೀಟರ್. ಬ್ಲೋಡೌನ್ ಬಿಗಿಮಾಡಿ, ಸೋರಿಕೆ ನಿಲ್ಲಿಸಿ ಅದರೊಳಗೆ ಉಳಿಯಬಹುದು. ಆದರೆ ಆವಿಯ ಭಾಗ ಯಾರ ಮಾತೂ ಕೇಳುವುದಿಲ್ಲ. ಅದನ್ನು ನಿಗದಿ ಮಾಡಿದ್ದು ಮೇಲಿನ ಸಮೀಕರಣ.

ನೀರೇ ಬೇಡ ಎನ್ನುವವರಿಗೂ ದಾರಿಯಿದೆ. ಹಬೆಯನ್ನು ರೆಕ್ಕೆಯಿರುವ ಕೊಳವೆಗಳಲ್ಲಿ ಹರಿಸಿ ಹೊರಗಿನಿಂದ ಬರೀ ಗಾಳಿ ಬೀಸಿದರೆ ಒಂದು ಹನಿಯೂ ಆವಿಯಾಗುವುದಿಲ್ಲ. ಆದರೆ ಆಗ ವೆಟ್ ಬಲ್ಬ್ ಎಂಬ ಸವಲತ್ತು ಕೈತಪ್ಪುತ್ತದೆ. ಮಿತಿ 25 ಅಲ್ಲ, 40. ಹಬೆ 44ರ ಬದಲು 55-60 ಡಿಗ್ರಿಯಲ್ಲಿ ನೀರಾಗಬೇಕಾಗುತ್ತದೆ, ಒತ್ತಡ 16ರಿಂದ 20 ಕಿಲೋಪ್ಯಾಸ್ಕಲ್‌ಗೆ ಏರುತ್ತದೆ. ಅದೂ ಕರೆಂಟಿಗೆ ಬೇಡಿಕೆ ವಿಪರೀತ ಏರುವ ಮೇ ತಿಂಗಳ ಮಧ್ಯಾಹ್ನಗಳಲ್ಲೇ. ಹೊಸ ಸ್ಥಾವರಕ್ಕೆ ಯಾವುದು ಸರಿ ಎಂದು ಕೇಳಿದರೆ ನನ್ನ ಉತ್ತರ ಊರಿನಿಂದ ಊರಿಗೆ ಬದಲಾಗುತ್ತದೆ. ನದಿ ಬೇಸಿಗೆಯಲ್ಲೂ ಹರಿಯುವ ಕಡೆ ಒದ್ದೆ ಟವರೇ ಸರಿ. ಕೆಳಗಿನ ಹಳ್ಳಿಗಳು ಅದೇ ನೀರಿಗೆ ಕಾದು ಕೂತಿರುವ ಕಡೆ, ಹೆಚ್ಚು ಕಲ್ಲಿದ್ದಲು ಸುಟ್ಟಾದರೂ ಗಾಳಿಯನ್ನೇ ನಂಬಬೇಕು.